ತೆಂಗಿನ ಮರ ಹತ್ತುವ ಮೆಷಿನ್: ಹಗ್ಗದ ಹಿಡಿತದ ಲೆಕ್ಕ, ಭಾರದ ಲೆಕ್ಕ

ಮರ ಹತ್ತುವವರು ಸಿಗುತ್ತಿಲ್ಲ ಎನ್ನುವ ಮಾತು ತಿಪಟೂರಿನಿಂದ ಮದ್ದೂರಿನವರೆಗೆ ಎಲ್ಲ ಕಡೆಯೂ ಇದೆ. ಹಾಗಾಗಿ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಒಂದು ಮೆಷಿನ್ ಮಾಡಿಸಿಕೊಳ್ಳೋಣ ಎಂದು ಯೋಚಿಸುವ ರೈತರು ತುಂಬಾ ಇದ್ದಾರೆ. ಕೇರಳದ ಚೆಂಬೇರಿ ಮಾದರಿಯನ್ನು ನೀವು ನೋಡಿರಬಹುದು. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವ ತರಬೇತಿಯಲ್ಲಿ ಯುವಕರಿಗೆ ಕೊಡುವ, ನಿಂತುಕೊಂಡು ಹತ್ತುವ ಮೆಷಿನ್ ಅದೇ ಬಗೆಯದು. ಎರಡು ಫ್ರೇಮ್, ಎರಡು ಪೆಡಲ್, ಎರಡು ತಂತಿ ಹಗ್ಗದ ಕುಣಿಕೆ, ಅಷ್ಟೇ. ನೋಡಿದರೆ ಸುಲಭ, ನಕಲು ಮಾಡುವುದೂ ಸುಲಭ. ಆದರೆ ಅಳತೆಯಲ್ಲಿ ನಾಲ್ಕು ಬೆರಳು ಹೆಚ್ಚುಕಮ್ಮಿಯಾದರೆ ಬೇಸಿಗೆಯಲ್ಲಿ ಗಟ್ಟಿಯಾಗಿ ಹಿಡಿದ ಮೆಷಿನ್ ಮಳೆಗಾಲದಲ್ಲಿ ಜಾರುತ್ತದೆ. ಯಾಕೆ ಜಾರಿತು ಎಂದು ಮಾಡಿಕೊಟ್ಟವನಿಗೂ ಗೊತ್ತಾಗುವುದಿಲ್ಲ.

"ಇದು ಎಷ್ಟು ಕೆಜಿ ತಡೆಯುತ್ತೆ?" ಎಂದು ಎಲ್ಲರೂ ಕೇಳುತ್ತಾರೆ. ಇದರಲ್ಲಿ ಎರಡು ಪ್ರಶ್ನೆ ಕಲಸಿಹೋಗಿವೆ. ಮೆಷಿನ್ ಜಾರುತ್ತದಾ ಎನ್ನುವುದು ಒಂದು, ಮುರಿಯುತ್ತದಾ ಎನ್ನುವುದು ಇನ್ನೊಂದು. ಮುರಿಯುವುದು ಭಾರದ ಮೇಲೆ ನಿಂತಿದೆ. ಜಾರುವುದಕ್ಕೂ ಭಾರಕ್ಕೂ ಸಂಬಂಧವೇ ಇಲ್ಲ! ಇದು ವಿಚಿತ್ರ ಅನಿಸಬಹುದು, ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಫ್ರೇಮನ್ನು ಮಾತ್ರ ಕಣ್ಣ ಮುಂದೆ ತಂದುಕೊಳ್ಳಿ. ಫ್ರೇಮಿನ ಮೇಲ್ಭಾಗದಿಂದ ತಂತಿ ಹಗ್ಗ ಹೊರಟು ಮರದ ಹಿಂದೆ ಸುತ್ತಿ ವಾಪಸ್ ಬಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಫ್ರೇಮಿನ ಕೆಳಭಾಗದಲ್ಲಿ, ಮರದ ಈಚೆ ಬದಿಗೆ, ಒಂದು ರಬ್ಬರ್ ಪ್ಯಾಡ್ ಒತ್ತಿಕೊಂಡಿರುತ್ತದೆ. ಪೆಡಲ್ ಮರದಿಂದ ಹೊರಕ್ಕೆ ಚಾಚಿಕೊಂಡಿದೆ. ನೀವು ಪೆಡಲ್ ಮೇಲೆ ನಿಂತ ಕೂಡಲೇ ಫ್ರೇಮ್ ಹೊರಕ್ಕೆ ಮಗುಚಲು ನೋಡುತ್ತದೆ, ಮೇಲ್ಭಾಗ ಮರದಿಂದ ದೂರ ಹೋಗಲು ನೋಡಿದಾಗ ಹಿಂದಿನ ಹಗ್ಗ ಬಿಗಿಯುತ್ತದೆ, ಕೆಳಭಾಗ ಮರದ ಕಡೆಗೆ ತಿರುಗಿದಾಗ ಪ್ಯಾಡ್ ಒತ್ತುತ್ತದೆ. ಹಿಂದಿನಿಂದ ಹಗ್ಗ, ಮುಂದಿನಿಂದ ಪ್ಯಾಡ್, ಮಧ್ಯೆ ಮರ. ಮೇಜಿನ ಡ್ರಾಯರನ್ನು ಒಂದು ಮೂಲೆ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದಲ್ಲ, ಅದೇ ಇಲ್ಲೂ ಆಗುವುದು. ಕಾಲೆತ್ತಿದರೆ ಭಾರ ಹೋಗಿ ಹಗ್ಗ ಸಡಿಲವಾಗುತ್ತದೆ. ಆಗ ಫ್ರೇಮನ್ನು ಮೇಲೆ ಸರಿಸಬಹುದು.

ಈಗ ಭಾರ ಎರಡರಷ್ಟಾಯಿತು ಅಂದುಕೊಳ್ಳಿ. ಕೆಳಗೆ ಎಳೆಯುವ ಬಲ ಎರಡರಷ್ಟಾಗುತ್ತದೆ. ಆದರೆ ಹಗ್ಗ ಮತ್ತು ಪ್ಯಾಡ್ ಮರವನ್ನು ಒತ್ತುವ ಬಲವೂ ಅದೇ ಭಾರದಿಂದಲೇ ಬರುವುದು, ಹಾಗಾಗಿ ಅದೂ ಎರಡರಷ್ಟಾಗುತ್ತದೆ, ಅದರ ಜೊತೆ ಹಿಡಿತವೂ ಎರಡರಷ್ಟು. ಲೆಕ್ಕದಲ್ಲಿ ಭಾರ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಉಳಿಯುವುದು ಮೂರೇ ಸಂಗತಿ: ಕಾಲು ಮರದ ನಡುವಿನಿಂದ ಎಷ್ಟು ದೂರ ಇದೆ, ಹಿಂದಿನ ಹಗ್ಗಕ್ಕೂ ಮುಂದಿನ ಪ್ಯಾಡಿಗೂ ಎತ್ತರದ ಅಂತರ ಎಷ್ಟು, ರಬ್ಬರ್ ಮತ್ತು ತೊಗಟೆ ನಡುವಿನ ಘರ್ಷಣೆ ಎಷ್ಟು. ಜಾರಬಾರದು ಅಂದರೆ ಈ ನಿಯಮ ಸಾಕು:

ಕಾಲಿನ ದೂರ ≥ ಎತ್ತರದ ಅಂತರ ÷ (2 × ಘರ್ಷಣೆಯ ಅಂಕಿ)

ದೂರವನ್ನು ಮರದ ಮೇಲ್ಮೈಯಿಂದ ಅಲ್ಲ, ಮರದ ಮಧ್ಯದಿಂದ ಅಳೆಯಬೇಕು. ಅಂದರೆ ಪೆಡಲ್ ಮೇಲೆ ಕಾಲಿರುವ ಜಾಗದಿಂದ ಮರದ ಮೇಲ್ಮೈವರೆಗೆ ಎಷ್ಟಿದೆಯೋ ಅದಕ್ಕೆ ಮರದ ಅರ್ಧ ದಪ್ಪ ಸೇರಿಸಿ. ಹಗ್ಗ ಹಿಂದೆ ಅರ್ಧ ಸುತ್ತು ಬಳಸಿಕೊಂಡಿರುವುದರಿಂದ ಸ್ವಲ್ಪ ಜಾಸ್ತಿ ಹಿಡಿತ ಸಿಗುತ್ತದೆ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅದು ಜೇಬಿನಲ್ಲೇ ಇರಲಿ.

ಘರ್ಷಣೆಯ ಅಂಕಿಯನ್ನು ಪುಸ್ತಕದಿಂದ ತೆಗೆಯಬೇಡಿ. ನಿಮ್ಮ ರಬ್ಬರ್, ನಿಮ್ಮ ತೋಟದ ತೊಗಟೆ, ನೀವೇ ಅಳೆಯಿರಿ. ತೋಟದಲ್ಲಿ ಬಿದ್ದ ಒಂದು ತೆಂಗಿನ ತುಂಡು ಇದ್ದೇ ಇರುತ್ತದೆ. ಅದನ್ನು ನೆಲದ ಮೇಲೆ ಮಟ್ಟಸವಾಗಿ ಮಲಗಿಸಿ, ಅದರ ಮೇಲೆ ಪ್ಯಾಡಿಗೆ ಹಾಕುವ ಟೈರ್ ರಬ್ಬರಿನ ತುಂಡು ಇಡಿ, ರಬ್ಬರ್ ಮೇಲೆ 10 ಕೆಜಿ ತೂಕ ಕೂರಿಸಿ ಕಟ್ಟಿ. ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಮರದ ಉದ್ದಕ್ಕೆ ಮೆಲ್ಲಗೆ ಎಳೆಯಿರಿ. ರಬ್ಬರ್ ಜಾರಲು ಶುರುವಾಗುವ ಕ್ಷಣದಲ್ಲಿ ತಕ್ಕಡಿ 4.5 ಕೆಜಿ ತೋರಿಸಿದರೆ ಅಂಕಿ 0.45. ಆಮೇಲೆ ಎರಡು ಚೊಂಬು ನೀರು ಸುರಿದು ಮತ್ತೆ ಎಳೆಯಿರಿ. ಈ ಸಲ 2.5 ಕೆಜಿಗೇ ಜಾರಿತು ಅಂದರೆ 0.25. ಹಗ್ಗದ ಮೇಲೆ ಹಾಕುವ ರಬ್ಬರ್ ಪೈಪಿಗೂ ಇದೇ ಪರೀಕ್ಷೆ ಮಾಡಿ. ಎರಡರಲ್ಲಿ ಯಾವುದು ಕಮ್ಮಿ ಬಂತೋ ಅದೇ ನಿಮ್ಮ ಅಂಕಿ. ಪಾಚಿ ಕಟ್ಟಿದ ಮರಗಳೂ ಇರುತ್ತವೆ, ಆದ್ದರಿಂದ 0.25 ಬಂದರೂ ನಾನು 0.2 ಹಿಡಿದೇ ಲೆಕ್ಕ ಹಾಕುತ್ತೇನೆ.

ಈ ಅಂಕಿಗಳನ್ನೇ ಇಟ್ಟುಕೊಂಡು ಒಂದು ಉದಾಹರಣೆ ಮಾಡೋಣ. ಬುಡದ ಉಬ್ಬಿನಿಂದ ಮೇಲೆ ಟೇಪ್ ಸುತ್ತಿದರೆ 88 ಸೆಂ.ಮೀ. ಬಂತು. ಅದನ್ನು 3.14ರಿಂದ ಭಾಗಿಸಿದರೆ ದಪ್ಪ 28 ಸೆಂ.ಮೀ. ತುದಿಯ ಹತ್ತಿರ ಸುತ್ತಳತೆ 63 ಸೆಂ.ಮೀ. ಎಂದಿಟ್ಟುಕೊಳ್ಳಿ, ಅಲ್ಲಿಗೆ ದಪ್ಪ 20 ಸೆಂ.ಮೀ. ಪೆಡಲ್ ಮೇಲೆ ಕಾಲಿನ ಮುಂಭಾಗ ಮರದ ಮೇಲ್ಮೈಯಿಂದ 16 ಸೆಂ.ಮೀ. ದೂರದಲ್ಲಿದೆ. ಹಾಗಾದರೆ ಮರದ ನಡುವಿನಿಂದ ಕಾಲಿನ ದೂರ ಕೆಳಗೆ 16 + 14 = 30, ಮೇಲೆ 16 + 10 = 26 ಸೆಂ.ಮೀ.

ವೆಲ್ಡರ್ ಕಣ್ಣಂದಾಜಿನಲ್ಲಿ ಹಗ್ಗಕ್ಕೂ ಪ್ಯಾಡಿಗೂ 15 ಸೆಂ.ಮೀ. ಅಂತರ ಇಟ್ಟ ಅಂತಿಟ್ಟುಕೊಳ್ಳಿ. ಒಣ ಮರದಲ್ಲಿ ಬೇಕಾದ ದೂರ 15 ÷ 0.9, ಸುಮಾರು 17 ಸೆಂ.ಮೀ. ನಮ್ಮಲ್ಲಿ 26 ಇದೆ, ಬೇಕಾದಷ್ಟಾಯಿತು. ಬೇಸಿಗೆಯಲ್ಲಿ ಹತ್ತಿ ನೋಡಿದವರೆಲ್ಲ ಭೇಷ್ ಅಂತಾರೆ. ಒದ್ದೆ ಮರದಲ್ಲಿ, ಅಳೆದ 0.25ನ್ನೇ ಹಿಡಿದರೂ, ಬೇಕಾದ ದೂರ 15 ÷ 0.5 = 30. ಕೆಳಗೆ ಸರಿಯಾಗಿ 30 ಇದೆ, ಹಾಗಾಗಿ ಹೇಗೋ ನಿಲ್ಲುತ್ತದೆ. ಮೇಲೆ ಹೋಗುತ್ತಾ ದೂರ 26ಕ್ಕೆ ಇಳಿಯುತ್ತದೆ, ಅಲ್ಲಿ ಜಾರುತ್ತದೆ. ಅಂದರೆ ಈ ಮೆಷಿನ್ ನೆಲದ ಹತ್ತಿರ ಹಿಡಿದು, ನಲವತ್ತು ಐವತ್ತು ಅಡಿ ಎತ್ತರದಲ್ಲಿ ಕೈಬಿಡುವಂಥದ್ದು.

ಅಂತರವನ್ನು 10 ಸೆಂ.ಮೀ.ಗೆ ಇಳಿಸಿದರೆ? 0.2 ಹಿಡಿದರೆ ಬೇಕಾದ ದೂರ 10 ÷ 0.4 = 25. ತುದಿಯಲ್ಲಿ 26 ಇದೆ. ಪಾಸಾಯಿತು, ಆದರೆ ಒಂದೇ ಸೆಂ.ಮೀ. ಅಂಚಿನಲ್ಲಿ. ಅದನ್ನು ನಂಬಿ ನಾನಂತೂ ಹತ್ತುವುದಿಲ್ಲ. 8 ಸೆಂ.ಮೀ. ಮಾಡಿದರೆ ಬೇಕಾದದ್ದು 20, ಇರುವುದು 26. ಈಗ ಕೈಯಲ್ಲಿ ಸ್ವಲ್ಪ ಉಳಿಯಿತು. ಉದಾಹರಣೆಗೆ ಇದನ್ನೇ ಇಟ್ಟುಕೊಳ್ಳೋಣ.

ಇಲ್ಲಿ ಎರಡು ಎಚ್ಚರಿಕೆ ಹೇಳಬೇಕು. ಮೊದಲನೆಯದು ಕಾಲಿನ ಜಾಗ. ದೂರವನ್ನು ಹಿಮ್ಮಡಿಯಿಂದ ಅಳೆದರೆ ಹತ್ತು ಸೆಂ.ಮೀ. ಜಾಸ್ತಿ ಬರುತ್ತದೆ, ಲೆಕ್ಕ ಚೆಂದ ಕಾಣುತ್ತದೆ. ಆದರೆ ಭಯ ಬಿದ್ದ ಮನುಷ್ಯ ಮರವನ್ನು ತಬ್ಬಿಕೊಂಡು ಮುಂಗಾಲಿನ ಮೇಲೆ ಭಾರ ಹಾಕುತ್ತಾನೆ, ಆಗ ದೂರ ತಾನಾಗಿ ಕಮ್ಮಿಯಾಗುತ್ತದೆ. ಅದಕ್ಕೇ ಜಾರುವ ಲೆಕ್ಕಕ್ಕೆ ಯಾವಾಗಲೂ ಮುಂಗಾಲಿನ ಅಳತೆ.

ಎರಡನೆಯದು ಹಗ್ಗದ ಉದ್ದ, ಹೆಚ್ಚಿನವರು ಗಮನಿಸದೆ ಬಿಡುವುದು ಇದನ್ನೇ. ಕುಣಿಕೆಯನ್ನು ಬುಡದ ದಪ್ಪಕ್ಕೆ ಸರಿಯಾಗಿ ಸಿಕ್ಕಿಸಿ ಹತ್ತಿದರೆ ಮೇಲೆ ಮರ ಸಣ್ಣದಾದಂತೆ ಹಗ್ಗ ಉದ್ದವಾಗಿ ಉಳಿಯುತ್ತದೆ. ಉಳಿದ ಹಗ್ಗ ಎಲ್ಲಿಗೆ ಹೋಗಬೇಕು? ಕುಣಿಕೆ ಓರೆಯಾಗುತ್ತದೆ, ಹಿಂದೆ ಮೇಲೇರಿ ಮುಂದೆ ಇಳಿಯುತ್ತದೆ. ಅಂದರೆ ನಾವು ಕಷ್ಟಪಟ್ಟು 8 ಮಾಡಿದ ಅಂತರ ಅಲ್ಲಿ 12, 14 ಆಗಿಬಿಡಬಹುದು. ಮರ ಸಣ್ಣದಾಗಿ ಕಾಲಿನ ದೂರ ಕಮ್ಮಿಯಾಯಿತು, ಹಗ್ಗ ಸಡಿಲವಾಗಿ ಅಂತರ ಜಾಸ್ತಿಯಾಯಿತು, ಎರಡೂ ಕೆಟ್ಟ ಕಡೆಗೇ. ಇದನ್ನು ಪೆಡಲ್ ನೋಡಿಯೇ ಹೇಳಬಹುದು: ಪೆಡಲಿನ ಹೊರತುದಿ ಕೆಳಕ್ಕೆ ಬಾಗುತ್ತಿದ್ದರೆ ಹಗ್ಗ ಉದ್ದವಾಗಿದೆ ಎಂದರ್ಥ. ಹಾಗಾಗಿ ಕೆಳಗೆ ಶುರು ಮಾಡುವಾಗ ಹೊರತುದಿ ಸ್ವಲ್ಪ ಮೇಲೆತ್ತಿರುವಂತೆ ಬಿಗಿ ಕಟ್ಟಬೇಕು. ಕೊಕ್ಕೆ ಸಿಕ್ಕಿಸಲು ಒಂದೇ ತೂತು ಮಾಡಿಸಬೇಡಿ, ಎರಡು ಸೆಂ.ಮೀ.ಗೆ ಒಂದರಂತೆ ನಾಲ್ಕೈದು ತೂತು ಇರಲಿ. ಬೇಕಾದರೆ ಮಧ್ಯದಲ್ಲಿ ನಿಂತು, ಸೇಫ್ಟಿ ಬೆಲ್ಟಿನ ಹಗ್ಗ ಮರಕ್ಕೆ ಹಾಕಿಕೊಂಡು, ಒಂದು ಫ್ರೇಮಿನ ಮೇಲೆ ಭಾರವಿಟ್ಟು ಇನ್ನೊಂದರ ಕುಣಿಕೆ ಚಿಕ್ಕದು ಮಾಡಿಕೊಳ್ಳಬಹುದು. ಬುಡಕ್ಕೂ ತುದಿಗೂ ತುಂಬಾ ವ್ಯತ್ಯಾಸ ಇರುವ ಮರ, ಬಾಗಿದ ಮರ, ಇವನ್ನು ಈ ಮೆಷಿನ್‌ನಿಂದ ಹತ್ತದಿರುವುದೇ ಒಳ್ಳೆಯದು.

ಜಾರುವ ಕಥೆ ಮುಗಿಯಿತು. ಈಗ ಮುರಿಯುವ ಕಥೆ. ಅಂತರ ಕಮ್ಮಿ ಮಾಡಿದರೆ ಹಿಡಿತ ಸಿಗುತ್ತದೆ ಅಂದೆ, ಆದರೆ ಅದು ಪುಕ್ಕಟೆ ಸಿಗುವುದಿಲ್ಲ. ಹಗ್ಗ ಮರವನ್ನು ಒತ್ತುವ ಬಲ ಅಂದರೆ ಭಾರ × ಕಾಲಿನ ದೂರ ÷ ಎತ್ತರದ ಅಂತರ. ಅಂತರ ಅರ್ಧ ಮಾಡಿದರೆ ಹಗ್ಗದ ಮೇಲಿನ ಎಳೆತ ಎರಡರಷ್ಟಾಗುತ್ತದೆ. ಸುಮ್ನೆ ಇನ್ನೂ ಕಮ್ಮಿ ಮಾಡುತ್ತಾ ಹೋಗಲು ಆಗದಿರುವುದು ಇದಕ್ಕೇ.

ಹತ್ತುವವರ ತೂಕ 70 ಕೆಜಿ ಅನ್ನಿ. ಮಚ್ಚು, ಹಗ್ಗ, ಬೆಲ್ಟ್ ಎಲ್ಲ ಸೇರಿ 80 ಕೆಜಿ ಹಿಡಿಯೋಣ. ಎರಡು ಫ್ರೇಮ್ ಇದೆ, ಅರ್ಧರ್ಧ ಭಾರ ಅಂತ ಲೆಕ್ಕ ಹಾಕಬೇಡಿ. ಒಂದು ಕಾಲು ಎತ್ತಿದಾಗ ಇಡೀ ಮನುಷ್ಯ ಇನ್ನೊಂದರ ಮೇಲೇ ಇರುತ್ತಾನೆ. ಪ್ರತಿ ಫ್ರೇಮೂ ಪೂರ್ತಿ 80 ತಡೆಯಬೇಕು. ಇನ್ನು ಮುರಿಯುವ ಲೆಕ್ಕಕ್ಕೆ ಕೆಟ್ಟ ಸ್ಥಿತಿ ಹಿಮ್ಮಡಿಯ ಮೇಲೆ ಭಾರ ಬಿದ್ದಾಗ, ಅಂದರೆ ಇಲ್ಲಿ ಕಾಲಿನ ದೂರ 30 ಅಲ್ಲ, 40 ಸೆಂ.ಮೀ. ಜಾರುವುದಕ್ಕೆ ಮುಂಗಾಲು, ಮುರಿಯುವುದಕ್ಕೆ ಹಿಮ್ಮಡಿ. ಯಾವುದು ನಮಗೆ ವಿರುದ್ಧವೋ ಅದನ್ನೇ ತೆಗೆದುಕೊಳ್ಳುವುದು.

80 × 40 ÷ 8 = 400 ಕೆಜಿ. ನಿಂತ ಮನುಷ್ಯ 80 ಕೆಜಿ, ಹಗ್ಗ ಮರವನ್ನು ಒತ್ತುವುದು 400 ಕೆಜಿ! ಕುಣಿಕೆಯ ಎರಡು ಬದಿಗೆ ಹಂಚಿದರೆ ಒಂದೊಂದು ಬದಿಗೆ 200 ಕೆಜಿ. ಮನುಷ್ಯರನ್ನು ಹೊರುವ ತಂತಿ ಹಗ್ಗಕ್ಕೆ ಹತ್ತರಷ್ಟು ಬಲ ಇರಬೇಕು ಎನ್ನುವುದು ಸಾಮಾನ್ಯವಾಗಿ ಪಾಲಿಸುವ ಕಟ್ಟುನಿಟ್ಟಿನ ಲೆಕ್ಕ. ಹಾಗಾದರೆ 2000 ಕೆಜಿ ತಡೆಯುವ ಹಗ್ಗ ಬೇಕು. ಒಳ್ಳೆಯ 6 ಮಿ.ಮೀ. ಉಕ್ಕಿನ ತಂತಿ ಹಗ್ಗ ಸುಮಾರು ಎರಡು ಟನ್‌ಗೆ ತುಂಡಾಗುತ್ತದೆ. ಸರಿಹೋಯಿತು ಅನಿಸುತ್ತದೆ ಅಲ್ವಾ? ಇಲ್ಲ. ಹಗ್ಗದ ತುದಿಯನ್ನು ಮಡಚಿ ಯು ಕ್ಲಿಪ್ ಹಾಕಿದಾಗ, ಸರಿಯಾಗಿ ಹಾಕಿದರೂ, ಆ ಜಾಗದಲ್ಲಿ ನೂರಕ್ಕೆ ಎಂಬತ್ತರಷ್ಟು ಬಲವೇ ಉಳಿಯುವುದು. ಅಲ್ಲಿಗೆ 1600 ಆಯಿತು. 8 ಮಿ.ಮೀ. ಹಗ್ಗ ಮೂರು ಟನ್‌ಗಿಂತ ಜಾಸ್ತಿ ತಡೆಯುತ್ತದೆ, ಕ್ಲಿಪ್ ಕಳೆದರೂ 2400. ಅದನ್ನೇ ಹಾಕಿ.

ಕ್ಲಿಪ್ ಹಾಕುವುದರಲ್ಲಿ ಒಂದು ಗುಟ್ಟಿದೆ. ಕ್ಲಿಪ್ಪಿಗೆ ಎರಡು ಭಾಗ: ಯು ಆಕಾರದ ಬೋಲ್ಟ್, ಗೆರೆಗೆರೆ ಇರುವ ಅಗಲ ಪಟ್ಟಿ. ಅಗಲ ಪಟ್ಟಿ ಭಾರ ಹೊರುವ ಉದ್ದ ಹಗ್ಗದ ಕಡೆ ಕೂರಬೇಕು, ಯು ಬೋಲ್ಟ್ ಮಡಚಿದ ಗಿಡ್ಡ ತುದಿಯ ಕಡೆ. ತಿರುಗಾಮುರುಗಾ ಹಾಕಿದರೆ ಯು ಬೋಲ್ಟ್ ಭಾರ ಹೊರುವ ಹಗ್ಗವನ್ನೇ ಜಜ್ಜುತ್ತದೆ. ಒಂದು ತುದಿಗೆ ಮೂರು ಕ್ಲಿಪ್, ಮೂರೂ ಒಂದೇ ಮುಖಕ್ಕೆ. ಒಂದು ಸಲ ಭಾರ ಹಾಕಿ ಇಳಿಸಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿ ಮಾಡಿ, ಯಾಕೆಂದರೆ ಮೊದಲ ಎಳೆತಕ್ಕೆ ಹಗ್ಗ ಸ್ವಲ್ಪ ಸಣ್ಣಗಾಗಿರುತ್ತದೆ.

ತಂತಿ ಹಗ್ಗದ ಬದಲು ನೈಲಾನ್ ಹಗ್ಗ ಯಾಕಾಗಬಾರದು ಎಂದು ಕೇಳುತ್ತಾರೆ. ನೈಲಾನ್ ಹಿಗ್ಗುತ್ತದೆ, ಹಿಗ್ಗಿದರೆ ಕುಣಿಕೆ ಓರೆಯಾಗಿ ಮೇಲೆ ಹೇಳಿದ ತೊಂದರೆಯೇ ಬರುತ್ತದೆ. ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡದು, ಮೇಲೆ ನಿಮ್ಮ ಕೈಯಲ್ಲಿ ಮಚ್ಚು ಇರುತ್ತದೆ. ಗೊನೆಗೆ ಬೀಸಿದ ಏಟು ತಪ್ಪಿ ಬಿದ್ದರೆ ನೈಲಾನ್ ಒಂದೇ ಏಟಿಗೆ ಹೋಯಿತು.

ತಂತಿ ಹಗ್ಗದ ಮೇಲೆ ರಬ್ಬರ್ ಪೈಪ್ ಹಾಕುವುದು ಹಿಡಿತಕ್ಕಷ್ಟೇ ಅಲ್ಲ, ಮರದ ಸಲುವಾಗಿಯೂ ಹೌದು. ತೆಂಗಿನ ಕಾಂಡ ಮಾವು ಬೇವಿನ ಹಾಗೆ ಗಾಯ ಮುಚ್ಚಿಕೊಳ್ಳುವುದಿಲ್ಲ, ಆದ ಗಾಯ ಹಾಗೇ ಉಳಿಯುತ್ತದೆ. ಅಂಥ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ. 400 ಕೆಜಿ ಒತ್ತುವ ಬರಿ ತಂತಿ ಎಳೆ ತೊಗಟೆಗೆ ಕಚ್ಚುವುದು ಖಂಡಿತ. ಪ್ಯಾಡ್ ಕೂಡ ಅಂಗೈ ಅಗಲಕ್ಕಿಂತ ಕಮ್ಮಿ ಬೇಡ, ಚೂಪು ಹಲ್ಲುಗಳಂತೂ ಬೇಡವೇ ಬೇಡ.

ಇನ್ನು ಫ್ರೇಮ್. ಹಗ್ಗ ಹಿಡಿತು ಅಂದುಕೊಂಡರೂ ಪೆಡಲಿನ ತೋಳು ಬಾಗಬಹುದು. ಇಲ್ಲಿ ಕಾಲಿಟ್ಟಾಗಿನ ಜರ್ಕ್ ಸೇರಿಸಬೇಕು, ಭಾರ ಎರಡರಷ್ಟಾಯಿತು ಅಂತಲೇ ಹಿಡಿಯುತ್ತೇನೆ, 160 ಕೆಜಿ. ಹಿಮ್ಮಡಿ ಮರದ ಮೇಲ್ಮೈಯಿಂದ 26 ಸೆಂ.ಮೀ. ದೂರ. ಒಂದಿಂಚಿನ, 2 ಮಿ.ಮೀ. ದಪ್ಪದ ಸ್ಕ್ವೇರ್ ಪೈಪ್ ಒಂದೇ ತೋಳು ಇದ್ದರೆ ಬುಡದಲ್ಲಿ ಪ್ರತಿ ಚದರ ಮಿ.ಮೀ.ಗೆ ಸುಮಾರು 32 ಕೆಜಿ ಒತ್ತಡ ಬೀಳುತ್ತದೆ. ಸಾಧಾರಣ ಕಬ್ಬಿಣ 25ರ ಆಸುಪಾಸಿನಲ್ಲೇ ಬಾಗಿಬಿಡುತ್ತದೆ. ಎಡಕ್ಕೊಂದು ಬಲಕ್ಕೊಂದು ಎರಡು ತೋಳು ಹಾಕಿದರೆ 16ಕ್ಕೆ ಇಳಿಯುತ್ತದೆ. ಅದೇ ಪೈಪ್ 3 ಮಿ.ಮೀ. ದಪ್ಪದ್ದಾದರೆ 12. ಕಾಲು ಯಾವತ್ತೂ ಸರಿಯಾಗಿ ಎರಡು ತೋಳಿನ ನಡುವೆಯೇ ಬೀಳುವುದಿಲ್ಲ, ವೆಲ್ಡಿಂಗ್ ಜಾಗದಲ್ಲಿ ಕಬ್ಬಿಣ ಸ್ವಲ್ಪ ಬಲ ಕಳೆದುಕೊಂಡಿರುತ್ತದೆ, ಆದ್ದರಿಂದ 3 ಮಿ.ಮೀ.ದೇ ಸರಿ. 2 ಮಿ.ಮೀ. ಪೈಪಿಗಿಂತ ಮೀಟರಿಗೆ ಅರ್ಧ ಕೆಜಿಗೂ ಸ್ವಲ್ಪ ಮೇಲೆ ತೂಕ ಹೆಚ್ಚುತ್ತದೆ, ಹೆಚ್ಚಲಿ.

ಈಗ ಲೆಕ್ಕ ಹೀಗೆ ನಿಂತಿತು. ನಿಂತ ಭಾರವಷ್ಟೇ ಆದರೆ ತೋಳು ಬಾಗುವುದಕ್ಕೆ 300 ಕೆಜಿಯ ಮೇಲೆ ಬೇಕು, ಹಗ್ಗ ತುಂಡಾಗುವುದಕ್ಕೆ 900ರ ಮೇಲೆ. ಮೊದಲು ಸೋಲುವುದು ತೋಳು. ಅದೇ ನಮಗೆ ಬೇಕಾದದ್ದು, ಯಾಕೆಂದರೆ ತೋಳು ಕಣ್ಣಿಗೆ ಕಾಣುವಂತೆ ಬಾಗುತ್ತದೆ, ಹಗ್ಗ ಹೇಳದೆ ಕೇಳದೆ ಹೋಗುತ್ತದೆ. ಫ್ರೇಮಿನ ಮೇಲೆ ಬಣ್ಣದಲ್ಲಿ ಬರೆಯುವ ಅಂಕಿ 80 ಕೆಜಿ, ಸಾಮಾನು ಸೇರಿ. 90 ಕೆಜಿ ತೂಗುವವರು ಇದನ್ನು ಹತ್ತುವ ಹಾಗಿಲ್ಲ. ಎಳನೀರಿನ ಗೊನೆಯನ್ನು ಹಗ್ಗ ಕಟ್ಟಿ ಇಳಿಸುವಾಗ ಆ ಹಗ್ಗವನ್ನು ಫ್ರೇಮಿಗೆ ಕಟ್ಟಬಾರದು, ಗಟ್ಟಿ ಮಟ್ಟೆಯ ಬುಡಕ್ಕೆ ಸುತ್ತಿ ಇಳಿಸಬೇಕು. ತೂಗಿ ಬೀಳುವ ಗೊನೆಯ ಜರ್ಕ್ ನಮ್ಮ ಲೆಕ್ಕದಲ್ಲಿ ಇಲ್ಲ.

ಲೆಕ್ಕ ಎಷ್ಟೇ ಮಾಡಿದರೂ ಪರೀಕ್ಷೆ ಬಿಡುವಂತಿಲ್ಲ. ಇಲ್ಲೂ ಎರಡು ಪ್ರಶ್ನೆಗೆ ಎರಡು ಬೇರೆ ಪರೀಕ್ಷೆ. ಮುರಿಯುವ ಪರೀಕ್ಷೆಗೆ ಫ್ರೇಮನ್ನು ಮೊಣಕಾಲೆತ್ತರಕ್ಕೆ ಕಟ್ಟಿ, ಮೂರು ಸಿಮೆಂಟ್ ಮೂಟೆ ಮತ್ತು ಒಂದು ಸಣ್ಣ ಮರಳಿನ ಚೀಲ, ಒಟ್ಟು 160 ಕೆಜಿ, ಪೆಡಲಿನ ಹಿಮ್ಮಡಿ ಜಾಗದಿಂದ ತೂಗುಹಾಕಿ ಹತ್ತು ನಿಮಿಷ ಬಿಡಿ. ಇಳಿಸಿದ ಮೇಲೆ ತೋಳಿನ ಮೇಲೆ ನೇರ ಪಟ್ಟಿ ಇಟ್ಟು ನೋಡಿ, ಬಾಗು ಉಳಿದಿರಬಾರದು. ವೆಲ್ಡಿಂಗ್ ಪಕ್ಕದ ಬಣ್ಣದಲ್ಲಿ ಕೂದಲಿನಂಥ ಬಿರುಕು ಇದೆಯಾ ನೋಡಿ. ಎರಡನೇ ಫ್ರೇಮಿಗೂ ಇದೇ ಪರೀಕ್ಷೆ.

ಆದರೆ ಈ ಮೂಟೆಗಳು ಜಾರುವ ಬಗ್ಗೆ ಏನೂ ಹೇಳುವುದಿಲ್ಲ. ಭಾರಕ್ಕೂ ಜಾರುವುದಕ್ಕೂ ಸಂಬಂಧವಿಲ್ಲ ಅಂದೆನಲ್ಲ, ಒಣ ಮರದಲ್ಲಿ 160 ಕೆಜಿ ನಿಂತಿತು ಎಂದರೆ ಒಣ ಮರದಲ್ಲಿ ನಿಲ್ಲುತ್ತದೆ ಎಂದಷ್ಟೇ. ಜಾರುವ ಪರೀಕ್ಷೆಗೆ ತೋಟದ ಅತಿ ಸಣ್ಣ ಮರ ಹುಡುಕಿ, ದೊಡ್ಡ ಮರದ ತುದಿಯ ಸುತ್ತಳತೆಗೆ ಹತ್ತಿರ ಇರುವಂಥದ್ದು. ಪಾಚಿ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡ ಮರದಲ್ಲಿ ತುದಿ ಮುಟ್ಟುವಾಗ ಕೊಕ್ಕೆ ಯಾವ ತೂತಿನಲ್ಲಿರುತ್ತದೋ ಅದೇ ತೂತಿಗೆ ಸಿಕ್ಕಿಸಿ. ನೀರು ಸುರಿಯಿರಿ. ನೆಲದಿಂದ ಒಂದಡಿ ಎತ್ತರದಲ್ಲಿ ಕಟ್ಟಿ, ಪ್ಯಾಡಿನ ಕೆಳ ಅಂಚಿಗೂ ಹಿಂದಿನ ಹಗ್ಗಕ್ಕೂ ಮೊಳೆಯಿಂದ ಸಣ್ಣ ಗುರುತು ಎಳೆದು, ಮುಂಗಾಲಿನ ಮೇಲೆ ನಿಂತು ಮೆಲ್ಲಗೆ ಕುಲುಕಿ. ಗುರುತಿನಿಂದ ಬೆರಳಗಲ ಇಳಿದು ನಿಂತರೆ ಅದು ಕುಣಿಕೆ ಕೂತುಕೊಂಡದ್ದು, ಪರವಾಗಿಲ್ಲ. ಕುಲುಕಿದಷ್ಟೂ ಇಳಿಯುತ್ತಲೇ ಹೋದರೆ ಜಾರುತ್ತಿದೆ. ಹಾಗಾದರೆ ಪ್ಯಾಡನ್ನು ಒಂದೆರಡು ಸೆಂ.ಮೀ. ಮೇಲಕ್ಕೆ ವೆಲ್ಡ್ ಮಾಡಿಸಿ ಅಂತರ ಕಮ್ಮಿ ಮಾಡಬೇಕು, ಮತ್ತು ಹಗ್ಗದ ಎಳೆತವನ್ನು ಹೊಸದಾಗಿ ಲೆಕ್ಕ ಹಾಕಬೇಕು.

ಸೇಫ್ಟಿ ಬೆಲ್ಟ್ ಈ ಲೆಕ್ಕಕ್ಕೆ ಸೇರಿದ್ದಲ್ಲ, ಅದು ಬೇರೆಯೇ ಹಗ್ಗ, ಬೇರೆಯೇ ಕೊಕ್ಕೆ. ಎದೆ, ಭುಜ, ತೊಡೆ ಹಿಡಿಯುವ ಪೂರ್ತಿ ಮೈಯ ಬೆಲ್ಟ್ ತೆಗೆದುಕೊಳ್ಳಿ. ಅದರ ಹಗ್ಗ ಮರವನ್ನು ಸುತ್ತಿರಬೇಕು, ನಾಲ್ಕೈದು ಹೆಜ್ಜೆಗೊಮ್ಮೆ ಎದೆಗಿಂತ ಮೇಲಕ್ಕೆ ಸರಿಸುತ್ತಾ ಹೋಗಬೇಕು. ಫ್ರೇಮಿಗೆ ಸಿಕ್ಕಿಸಿದರೆ ಫ್ರೇಮ್ ಜೊತೆಗೆ ನೀವೂ ಕೆಳಗೆ.

ಕೊನೆಯದಾಗಿ ತುಕ್ಕು. ರಬ್ಬರ್ ಪೈಪಿನೊಳಗೆ ಮಳೆನೀರು ನಿಂತು ತಂತಿ ಹಗ್ಗ ಒಳಗೊಳಗೇ ಸವೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಪೈಪಿನ ಎರಡು ತುದಿಯನ್ನು ತೆರೆದೇ ಇಡಿ, ಮೆಷಿನ್ ಅನ್ನು ನೇತುಹಾಕಿ ಒಣಗಿಸಿ. ಮಳೆಗಾಲಕ್ಕೆ ಮುಂಚೆ, ಆಮೇಲೆ ಒಂದೊಂದು ಸಲ ಪೈಪ್ ಸರಿಸಿ, ಹಗ್ಗದ ಉದ್ದಕ್ಕೂ ಬಟ್ಟೆ ಒರೆಸಿಕೊಂಡು ಹೋಗಿ. ಬಟ್ಟೆಗೆ ಎಳೆ ಸಿಕ್ಕಿಕೊಂಡರೆ ತಂತಿಗಳು ಮುರಿಯಲು ಶುರುವಾಗಿವೆ. ಎರಡು ಮೂರು ಎಳೆ ಮುರಿದದ್ದು ಒಂದೇ ಕಡೆ ಕಂಡರೆ, ಅಥವಾ ಕ್ಲಿಪ್ ಪಕ್ಕದಲ್ಲಿ ಒಂದೇ ಎಳೆ ಮುರಿದಿದ್ದರೂ, ಆ ಹಗ್ಗವನ್ನು ಕತ್ತರಿಸಿ ಬಿಸಾಡಿ. ಇಡಿಯಾಗಿ ಮೂಲೆಯಲ್ಲಿಟ್ಟರೆ ಯಾರಾದರೂ ಮತ್ತೆ ತಂದು ಕಟ್ಟುತ್ತಾರೆ.